ಕೊನೆಯ ಸಾಲಿನ ಮೆನು

ಆಫೀಸಿನಲ್ಲಿ ಅವರಿಗೆ ಎದುರಿಗೆ ಸರ್, ಬೆನ್ನ ಹಿಂದೆ ಅಲ್ಪವಿರಾಮ. ಸೇರಿದ ಮೊದಲ ವಾರದಲ್ಲೇ ನಾವು ಮಾಡಿದ ಒಂದು ಪುಟದಲ್ಲಿ ಅಲ್ಪವಿರಾಮ ಇರಬಾರದ ಕಡೆ ಇದೆ ಎಂದು ಅರ್ಧ ಪುಟದ ದೂರು ಬರೆದು, ಜೊತೆಗೆ ಕಂಪ್ಯೂಟರ್ ತೆರೆಯ ಚಿತ್ರ ತೆಗೆದು, ಆ ಚುಕ್ಕೆಯ ಸುತ್ತ ಕೆಂಪು ವೃತ್ತ ಹಾಕಿ ಕಳಿಸಿದ್ದರು. ಅವತ್ತು ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಹೆಸರು ಇಟ್ಟವಳೂ ನಾನೇ.

ಅವರು ನಮ್ಮಲ್ಲಿ ಟೆಸ್ಟರ್. ನಾವು ಬರೆದ ಸಾಫ್ಟ್‌ವೇರನ್ನು ಬಳಸಿ ನೋಡಿ, ಎಲ್ಲಿ ಎಡವುತ್ತದೆ ಎಂದು ಹುಡುಕಿ, ಒಂದೊಂದು ತಪ್ಪಿಗೂ ಒಂದೊಂದು ಟಿಕೆಟ್ ಬರೆದು ನಮ್ಮ ತಲೆಗೆ ಕಟ್ಟುವುದು ಅವರ ಕೆಲಸ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಮುದ್ರಣಾಲಯ ಮುಚ್ಚಿದಾಗ ಅವರಿಗೆ ನಲವತ್ತೇಳು. ಆ ವಯಸ್ಸಿನಲ್ಲಿ ಸಂಜೆ ತರಗತಿಗೆ ಹೋಗಿ, ತಮ್ಮ ಅರ್ಧ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ಈ ವಿದ್ಯೆ ಕಲಿತರು. ನಮ್ಮಲ್ಲಿ ಗುತ್ತಿಗೆಯ ಮೇಲೆ ಕೆಲಸ ಸಿಕ್ಕಿತು. ಕಿಟಕಿ ಇಲ್ಲದ ಮೂಲೆಯ ಮೇಜು. ಮೇಜಿನ ಮೇಲೆ ಒಂದು ಭೂತಗನ್ನಡಿ, ಒಂದು ಸ್ಕೇಲು, ಕೆಂಪು ಪೆನ್ನು. ತೆರೆಗೆ ಸ್ಕೇಲು ಹಿಡಿದು ಅಳೆಯುವವರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ನಾನು ಪುಟಗಳನ್ನು ಕಟ್ಟುವವಳು. ಕಣ್ಣಿಗೆ ಕಾಣುವ ಭಾಗ, ಅಂದರೆ ಗುಂಡಿ, ಪಟ್ಟಿ, ಮೆನು, ಎಲ್ಲ ನನ್ನದು. ಕೆಲಸದಲ್ಲಿ ಚುರುಕು ಎಂದು ಹೆಸರಿತ್ತು, ಆ ಹೆಸರಿನ ಮೇಲೆ ನನಗೆ ಸ್ವಲ್ಪ ಹೆಚ್ಚೇ ಮೋಹವಿತ್ತು.

ಆ ವರ್ಷ ಒಂದು ಡಯಾಲಿಸಿಸ್ ಕೇಂದ್ರದ ಕೆಲಸ ಬಂತು. ವಾರಕ್ಕೆ ಮೂರು ಸಲ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬದುಕುವವರು ಅಲ್ಲಿಗೆ ಬರುತ್ತಾರೆ. ಹೆಚ್ಚಿನವರನ್ನು ಕೇಂದ್ರದ ವಾಹನವೇ ಮನೆಯಿಂದ ಕರೆತರುತ್ತದೆ. ಕೌಂಟರಿನಲ್ಲಿ ಕೂತಾಕೆಗೆ ದಿನದ ರೋಗಿಗಳೆಲ್ಲ ಒಂದೇ ಕೋಷ್ಟಕದಲ್ಲಿ ಕಾಣಬೇಕು. ಪ್ರತಿ ಸಾಲಿನ ತುದಿಯಲ್ಲಿ ಮೂರು ಚುಕ್ಕೆಯ ಗುಂಡಿ. ಒತ್ತಿದರೆ ಕೆಳಗೆ ಮೆನು ಇಳಿಯುತ್ತದೆ. ವಿವರ ನೋಡಿ, ಸಮಯ ಬದಲಿಸಿ, ಫೋನ್ ಮಾಡಲಾಗಿದೆ, ವಾಹನ ಕಳಿಸಿ. ಹೀಗೆ ನಾಲ್ಕು. ಕೋಷ್ಟಕ ಉದ್ದ, ಅಗಲ ಎರಡೂ ಜಾಸ್ತಿಯಾದ್ದರಿಂದ ಅದನ್ನು ನಾನು ಒಂದು ಚೌಕದೊಳಗೆ ಕೂರಿಸಿದೆ. ಹೆಚ್ಚಾದದ್ದು ಚೌಕದ ಒಳಗೇ ಸ್ಕ್ರೋಲ್ ಆಗುತ್ತದೆ, ಹೊರಗೆ ಚೆಲ್ಲುವುದಿಲ್ಲ. ನೋಡಲು ಚೊಕ್ಕಟವಾಗಿತ್ತು.

ಮೂರನೇ ದಿನ ಅಲ್ಪವಿರಾಮ ಸರ್ ಅವರ ಟಿಕೆಟ್ ಬಂತು. 'ಕೊನೆಯ ಸಾಲಿನ ಮೆನು ಚೌಕದ ಅಂಚಿಗೆ ಕತ್ತರಿಸಿ ಹೋಗುತ್ತಿದೆ. ನಾಲ್ಕರಲ್ಲಿ ಎರಡು ಮಾತ್ರ ಕಾಣುತ್ತವೆ.'

ನನ್ನ ದೊಡ್ಡ ತೆರೆಯಲ್ಲಿ ನೋಡಿದೆ. ಚೌಕ ಎತ್ತರವಾಗಿತ್ತು, ಮೆನು ಪೂರ್ತಿ ಹಿಡಿಸಿತ್ತು. ಕಿಟಕಿ ಚಿಕ್ಕದು ಮಾಡಿದೆ. ಹೌದು, ಕತ್ತರಿಸುತ್ತಿತ್ತು. ಆದರೆ ಚೌಕದೊಳಗೆ ಸ್ಕ್ರೋಲ್ ಮಾಡಿದರೆ ಉಳಿದೆರಡೂ ಬಂದವು. 'ಸ್ಕ್ರೋಲ್ ಮಾಡಿದರೆ ಕಾಣುತ್ತದೆ' ಎಂದು ಬರೆದು, ದೂರು ತೀರಿತೆಂದು ಟಿಕೆಟ್ ಮುಚ್ಚಿದೆ.

ಮರುದಿನ ಅವರು ಟಿಕೆಟ್ ಮತ್ತೆ ತೆರೆದು, ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮೇಡಂ, ಒಂದು ನಿಮಿಷ. ಸ್ಕ್ರೋಲ್ ಮಾಡಿದ್ರೆ ಕಾಣತ್ತೆ, ಸರಿ. ಆದ್ರೆ ಕೆಳಗೆ ಇನ್ನೂ ಇದೆ ಅಂತ ಅವರಿಗೆ ಗೊತ್ತಾಗೋದು ಹೇಗೆ? ಸ್ಕ್ರೋಲ್ ಪಟ್ಟಿನೂ ಕೈ ಆಡಿಸೋ ತನಕ ಕಾಣಲ್ಲ."

"ಸರ್, ಇವತ್ತಿನ ಕಾಲದಲ್ಲಿ ಸ್ಕ್ರೋಲ್ ಮಾಡೋದು ಯಾರಿಗೆ ಗೊತ್ತಿಲ್ಲ ಹೇಳಿ?"

"ಮಾಡೋದು ಗೊತ್ತಿರತ್ತೆ. ಮಾಡಬೇಕು ಅನ್ನೋದು ಗೊತ್ತಾಗಲ್ಲ."

ಆಮೇಲೆ, ನಾನು ಕೇಳದಿದ್ದರೂ, ಒಂದು ವಿಷಯ ಹೇಳಿದರು. ಮುದ್ರಣಾಲಯದಲ್ಲಿ ಪತ್ರಿಕೆಯ ಪುಟ ಕಟ್ಟುವಾಗ ಪ್ರತಿ ಸುದ್ದಿಗೂ ಒಂದು ಚೌಕ. ಚೌಕಕ್ಕಿಂತ ಮಾತು ಹೆಚ್ಚಾದರೆ ಕೊನೆಯ ಸಾಲು ಒಳಗೇ ಉಳಿದುಬಿಡುತ್ತದೆ, ಅಚ್ಚಾಗುವುದಿಲ್ಲ. ಹಾಗೆ ಒಮ್ಮೆ ಒಂದು ಮರಣವಾರ್ತೆಯ ಕೊನೆಯ ಸಾಲು ಹೋಯಿತು. ಅಂತ್ಯಕ್ರಿಯೆ ಎಲ್ಲಿ, ಎಷ್ಟು ಗಂಟೆಗೆ ಎನ್ನುವ ಸಾಲು. ವಾಕ್ಯ ಮೇಲಿನ ಸಾಲಿಗೇ ಮುಗಿದಂತೆ ಇದ್ದುದರಿಂದ ಕರಡು ತಿದ್ದಿದವರಿಗೆ ಏನೂ ಅನಿಸಲಿಲ್ಲ.

"ಬರಬೇಕಾದವರು ಬರಲಿಲ್ಲ. ಸತ್ತೋರು ಮೇಷ್ಟ್ರು. ಅವರ ಮಗ ಮಾರನೇ ದಿನ ಬಂದು ಎದುರಿಗೆ ನಿಂತ. ಬೈಯಲಿಲ್ಲ. 'ಹನ್ನೊಂದು ಜನ ಇದ್ವಿ' ಅಂದ, ಹೋದ. ಕರಡು ತಿದ್ದಿದ್ದು ನಾನು."

ನನಗೆ ಆ ಹೊತ್ತಿಗೆ ಇನ್ನೆರಡು ಪುಟ ಮುಗಿಸಬೇಕಿತ್ತು. ಹೂಂ ಎಂದೆ. ಅವರು ಹೋದ ಮೇಲೆ ಐದು ನಿಮಿಷ ಕೂತು, ಮೆನುವಿನ ಪದರಕ್ಕೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಎಂಬ ದೊಡ್ಡ ಸಂಖ್ಯೆ ಕೊಟ್ಟೆ, ಎಲ್ಲದಕ್ಕಿಂತ ಮೇಲೆ ಬರಲಿ ಎಂದು. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಆ ಸಂಖ್ಯೆ ಯಾವುದರ ಮೇಲೆ ಯಾವುದು ಎಂದು ಹೇಳುತ್ತದೆಯೇ ಹೊರತು, ಹೊರಗೆ ಚೆಲ್ಲಬೇಡ ಎಂದ ಚೌಕದ ಗೋಡೆ ದಾಟಿಸುವುದಿಲ್ಲ. ಅದು ನನಗೆ ಗೊತ್ತಿದ್ದ ವಿಷಯವೇ. ಸರಿಯಾದ ದಾರಿಯೂ ಗೊತ್ತಿತ್ತು. ಅದಕ್ಕೆ ಎರಡು ದಿನ ಬೇಕು. 'ವಿನ್ಯಾಸವೇ ಹೀಗೆ' ಎಂದು ಬರೆದು ಎರಡನೇ ಸಲ ಮುಚ್ಚಿದೆ.

ಮೂರನೆಯದು ಇನ್ನೂ ಕೆಟ್ಟದು. ಮೆನು ತೆರೆದಿಟ್ಟು ಸ್ಕ್ರೋಲ್ ಮಾಡಿದರೆ ಅದು ಕೋಷ್ಟಕದ ತಲೆಬರಹದ ಮೇಲೆ ಹಾಯ್ದು ಅಸಹ್ಯವಾಗಿ ಕಾಣುತ್ತಿತ್ತು. ಅದನ್ನು ಸರಿಮಾಡಲು ಮ್ಯಾನೇಜರ್ ಹೇಳಿದರು, ನಾನು ಒಂದೇ ಸಾಲು ಕೋಡ್ ಬರೆದು, ಸ್ಕ್ರೋಲ್ ಆದ ಕೂಡಲೇ ಮೆನು ಮುಚ್ಚಿಕೊಳ್ಳುವಂತೆ ಮಾಡಿದೆ. ಅಲ್ಲಿಗೆ, ಸ್ಕ್ರೋಲ್ ಮಾಡಿದರೆ ಕಾಣುತ್ತದೆ ಎಂದು ನಾನು ಹೇಳಿದ ದಾರಿಯನ್ನು ನಾನೇ ಕಲ್ಲಿಟ್ಟು ಮುಚ್ಚಿದ್ದೆ. ಕೊನೆಯ ಸಾಲಿನ ಕೊನೆಯ ಎರಡು ಆಯ್ಕೆಗಳಿಗೆ ಕೈ ತಲುಪುವ ಯಾವ ಉಪಾಯವೂ ಉಳಿಯಲಿಲ್ಲ. ಅಲ್ಪವಿರಾಮ ಸರ್ ಅದನ್ನೇ ಬರೆದು ಟಿಕೆಟ್ ಮತ್ತೆ ತೆರೆದರು. ಅದೇ ಹಳೆಯ ಟಿಕೆಟ್, ಅದೇ ತಲೆಬರಹ. ಒಳಗೆ ಹೊಸದಾಗಿ ಏನು ಬರೆದಿದ್ದಾರೆ ಎಂದು ನಾನು ಓದಲಿಲ್ಲ. 'ಇದಾಗಲೇ ಎರಡು ಸಲ ಮಾತಾಡಿ ಆಗಿದೆ, ಸರ್. ಇದೂ ಒಂದು ಅಲ್ಪವಿರಾಮವೇ' ಎಂದು ಬರೆದು, ನಗುವ ಮುಖದ ಚಿಹ್ನೆ ಹಾಕಿ ಮುಚ್ಚಿದೆ.

ಅವರಿಗೆ ಆ ಅಡ್ಡಹೆಸರು ಗೊತ್ತಿದೆ ಎಂದು ನನಗೆ ಗೊತ್ತಿತ್ತು. ನಾವು ಅದನ್ನು ಅವರ ಮುಖಕ್ಕೆ ಹಿಡಿದದ್ದು ಅದೇ ಮೊದಲು. ಮಧ್ಯಾಹ್ನ ಊಟದ ಕೋಣೆಯಲ್ಲಿ ಎದುರಾದಾಗ ಅವರು ತಟ್ಟೆ ನೋಡಿಕೊಂಡು ಊಟ ಮಾಡಿದರು.

ಸೋಮವಾರ ಕೇಂದ್ರದಲ್ಲಿ ಹೊಸ ಸಾಫ್ಟ್‌ವೇರ್ ಶುರುವಾಯಿತು. ಅವತ್ತಿನ ಕಡೆಯ ರೋಗಿಯನ್ನು ಮನೆಯವರೇ ಕರೆತಂದಿದ್ದರಿಂದ ಏನೂ ಗೊತ್ತಾಗಲಿಲ್ಲ. ಮಂಗಳವಾರ ಆದದ್ದು ಹೀಗೆ.

ಕೋಷ್ಟಕ ಸಮಯದ ಪ್ರಕಾರ ಜೋಡಣೆಯಾಗಿರುತ್ತಿತ್ತು. ಹಾಗಾಗಿ ದಿನದ ಕಡೆಯ ಪಾಳಿಯ ರೋಗಿ ಯಾವಾಗಲೂ ಕಡೆಯ ಸಾಲು. ಅವತ್ತು ಆ ಸಾಲಿನಲ್ಲಿ ಇದ್ದವರು ಒಬ್ಬ ಹಿರಿಯ ಹೆಂಗಸು. ಹೊಲಿಗೆ ಕೆಲಸ ಮಾಡಿ ಬದುಕಿದವರು, ಒಬ್ಬರೇ ಇರುತ್ತಿದ್ದರು. ಕೌಂಟರಿನಾಕೆ ಮೊದಲೆಲ್ಲ ಚೀಟಿ ನೋಡಿ ಚಾಲಕನಿಗೆ ಫೋನ್ ಮಾಡುತ್ತಿದ್ದಳು. ಈಗ ಚೀಟಿ ಇಲ್ಲ, ಮೆನುವಿನಲ್ಲಿ ಒತ್ತಿದರೆ ಚಾಲಕನಿಗೆ ಸಂದೇಶ ಹೋಗುತ್ತದೆ ಎಂದು ನಾವೇ ಕಲಿಸಿದ್ದೆವು. ಆಕೆ ಪ್ರತಿ ಸಾಲಿಗೂ ಒತ್ತುತ್ತಾ ಬಂದಳು. ಕೊನೆಯ ಸಾಲಿಗೆ ಬಂದಾಗ, ಆಕೆಯ ಚಿಕ್ಕ ತೆರೆಯಲ್ಲಿ, ಮೆನುವಿನಲ್ಲಿ ಎರಡೇ ಆಯ್ಕೆ. ಎರಡನೆಯದರ ಕೆಳಗೆ ನೇರವಾಗಿ ಚೌಕದ ಗೆರೆ. ಅದು ಕತ್ತರಿಸಿದಂತೆ ಕಾಣಲಿಲ್ಲ, ಮುಗಿದಂತೆ ಕಂಡಿತು.

"ಇವರಿಗೆ ವಾಹನ ಇಲ್ಲ ಅಂತ ಮಾಡಿದಾರೇನೋ, ಮನೆಯವರು ಯಾರಾದ್ರೂ ಕರ್ಕೊಂಡು ಬರ್ತಾರೇನೋ ಅಂದುಕೊಂಡೆ" ಎಂದಳಂತೆ ಆಮೇಲೆ.

ಆ ಹೆಂಗಸು ಚಪ್ಪಲಿ ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ತಮ್ಮ ಮನೆಯ ಬಾಗಿಲ ಹತ್ತಿರ ವಾಹನ ಕಾಯುತ್ತಾ ಕುರ್ಚಿಯಲ್ಲಿ ಮೂರು ಗಂಟೆ ಕೂತಿದ್ದರು. ಎರಡು ಸಲ ಫೋನ್ ಮಾಡಿದರಂತೆ. ಕೌಂಟರಿನ ಫೋನಿನಲ್ಲಿ ಬೇರೆ ಯಾರೋ ಮಾತಾಡುತ್ತಿದ್ದರು. ಮೂರನೇ ಸಲ ಮಾಡಲಿಲ್ಲ. ತೊಂದರೆ ಕೊಡುವುದು ಬೇಡ, ನಾಳೆ ಹೇಗೂ ಕರೆಯುತ್ತಾರೆ ಎಂದುಕೊಂಡರಂತೆ. ಡಯಾಲಿಸಿಸ್ ತಪ್ಪಿ ಮೈಯಲ್ಲಿ ನೀರು ತುಂಬಿಕೊಂಡು ಮರುದಿನ ಬೆಳಗ್ಗೆ ಉಸಿರು ಕಟ್ಟಿತು, ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದರು. ಹನ್ನೆರಡು ದಿನ ಅಲ್ಲಿದ್ದರು. ಬದುಕಿದರು. ಆದರೆ ಮೊದಲಿನಂತೆ ಒಬ್ಬರೇ ಇರುವ ಶಕ್ತಿ ಉಳಿಯಲಿಲ್ಲ. ಮನೆ ಖಾಲಿ ಮಾಡಿ ತಂಗಿಯ ಊರಿಗೆ ಹೋದರು.

ಬುಧವಾರ ಮಧ್ಯಾಹ್ನ ಮ್ಯಾನೇಜರ್ ನನ್ನನ್ನೂ ಅಲ್ಪವಿರಾಮ ಸರ್ ಅವರನ್ನೂ ಕರೆದರು. ಅವರ ಮುಖ ಬಿಳಚಿಕೊಂಡಿತ್ತು. ಕೇಂದ್ರದವರು ಕಳಿಸಿದ ತೆರೆಯ ಚಿತ್ರ ಮುಂದಿಟ್ಟರು.

"ಇದು ಟೆಸ್ಟಿಂಗ್‌ನಲ್ಲಿ ಯಾಕೆ ಸಿಗಲಿಲ್ಲ?"

ಪ್ರಶ್ನೆ ಕೇಳಿದ್ದು ಅಲ್ಪವಿರಾಮ ಸರ್ ಅವರನ್ನು. ಅವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮಕ್ಕಳು ಪಾಠ ಒಪ್ಪಿಸುವಾಗ ಮುಂದಿನ ಪದ ನೆನಪಾಗಲಿ ಎಂದು ಮೇಷ್ಟ್ರು ಕಾಯುತ್ತಾರಲ್ಲ, ಹಾಗೆ ನೋಡಿದರು. ನಾನು ಆ ಚಿತ್ರವನ್ನೇ ನೋಡುತ್ತಾ, "ಏನಾಗಿದೆ ಅಂತ ನೋಡ್ತೀನಿ ಸರ್" ಎಂದೆ. ಅಷ್ಟೇ ಎಂದೆ.

ಆಗ ಅಲ್ಪವಿರಾಮ ಸರ್ ಮ್ಯಾನೇಜರ್ ಕಡೆ ತಿರುಗಿ ಹೇಳಿದರು: "ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಸರ್."

ಮ್ಯಾನೇಜರ್ ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದರು. ಟಿಕೆಟ್ ತೆರೆದು ನೋಡಿದ್ದರೆ ಮೂರು ಸಲ ಮುಚ್ಚಿದ ಕೈ ಯಾರದು ಎಂದು ಕಾಣುತ್ತಿತ್ತು. ತೆರೆಯಲಿಲ್ಲ. ಮುಚ್ಚಿದ ಟಿಕೆಟ್‌ಗಳ ರಾಶಿಯನ್ನು ಯಾರೂ ತೆರೆಯುವುದಿಲ್ಲ. ಎರಡು ದಿನದ ಮೇಲೆ, ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ತಿಳಿಯಿತು. ಉಳಿದದ್ದು ಹದಿನಾರು ದಿನ.

ಆ ಹದಿನಾರು ದಿನದಲ್ಲಿ ನಾನು ಮೆನು ಸರಿಮಾಡಿದೆ. ಮೊದಲು ಸುಲಭದ ದಾರಿ ಹಿಡಿದು, ಮೆನುವನ್ನು ತೆರೆಗೇ ಅಂಟಿಸಿ ನಿಲ್ಲಿಸಲು ನೋಡಿದೆ. ಆದರೆ ಇಡೀ ಚೌಕ ಜಾರಿಕೊಂಡು ಬಂದು ಕೂರುವ ಅಲಂಕಾರವೊಂದನ್ನು ನಾನೇ ಹಾಕಿದ್ದೆ. ಅದು ಇರುವ ತನಕ ಒಳಗಿನದು ತೆರೆಗೆ ಅಂಟುವುದಿಲ್ಲ, ಚೌಕಕ್ಕೇ ಅಂಟಿಕೊಳ್ಳುತ್ತದೆ. ಕೊನೆಗೆ ಮೊದಲೇ ಮಾಡಬೇಕಿದ್ದದ್ದನ್ನು ಮಾಡಿದೆ. ಮೆನುವನ್ನು ಸಾಲಿನೊಳಗಿಂದ, ಕೋಷ್ಟಕದೊಳಗಿಂದ, ಚೌಕದೊಳಗಿಂದ ಪೂರ್ತಿ ಹೊರಗೆ ತಂದು ಇಡೀ ಪುಟದ ಬುಡದಲ್ಲಿ ನೆಟ್ಟೆ. ನಮ್ಮ ಭಾಷೆಯಲ್ಲಿ ಅದಕ್ಕೆ ಪೋರ್ಟಲ್ ಎನ್ನುತ್ತೇವೆ. ಅಲ್ಲಿ ಅದನ್ನು ಕತ್ತರಿಸುವ ಗೋಡೆ ಇಲ್ಲ. ಗುಂಡಿ ತೆರೆಯ ಮೇಲೆ ಎಲ್ಲಿದೆ ಎಂದು ಅಳೆದು ಅದರ ಕೆಳಗೆ ಮೆನು ಕೂರಿಸುವುದು. ಕೆಳಗೆ ಜಾಗ ಸಾಲದಿದ್ದರೆ ಗುಂಡಿಯ ಮೇಲಕ್ಕೆ ತೆರೆಯುವುದು.

ಮುಗಿಸಿ ಅವರಿಗೆ ಕಳಿಸಿದೆ. ಅವರು ಬಂದು ಎಂದಿನಂತೆಯೇ ಮಾತಾಡಿದರು.

"ಪೂರ್ತಿ ಕಾಣತ್ತೆ ಮೇಡಂ, ಚೆನ್ನಾಗಿದೆ. ಆದ್ರೆ ಯಾವುದನ್ನ ಒತ್ತಿದ್ರೂ ಏನೂ ಆಗ್ತಿಲ್ಲ. ಮೆನು ಮುಚ್ಚಿಕೊಳ್ಳತ್ತೆ, ಅಷ್ಟೆ."

ನೋಡಿದೆ. ಹೊರಗೆ ಒತ್ತಿದರೆ ಮೆನು ಮುಚ್ಚಬೇಕು ಎಂದು ಹಿಂದೆ ಬರೆದಿದ್ದೆ. ಹೊರಗೆ ಎಂದರೆ ಸಾಲಿನ ಹೊರಗೆ. ಈಗ ಮೆನುವೇ ಸಾಲಿನ ಹೊರಗಿದೆ! ಮೆನುವಿನ ಮೇಲೆ ಬೆರಳಿಟ್ಟ ಕ್ಷಣವೇ, ಒತ್ತಿದ್ದು ಮುಟ್ಟುವ ಮೊದಲೇ ಅದು ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಅಪಘಾತ ಅಲ್ಲೇ ಕಾದು ಕೂತಿತ್ತು. ಮೆನುವನ್ನೂ ಒಳಗಿನದು ಎಂದೇ ಲೆಕ್ಕ ಹಿಡಿಯುವಂತೆ ತಿದ್ದಿದೆ.

ಮರುದಿನ: "ಮೌಸ್ ಬಿಟ್ಟು ಕೀಬೋರ್ಡ್‌ನಲ್ಲಿ ಹೋದೆ. ಟ್ಯಾಬ್ ಒತ್ತಿದ್ರೆ ಮೆನುಗೆ ಹೋಗಲ್ಲ, ಮುಂದಿನ ಸಾಲಿಗೆ ಹಾರತ್ತೆ."

ಮೆನು ಪುಟದ ಬುಡದಲ್ಲಿದ್ದರೆ ಟ್ಯಾಬ್ ಕೀಲಿಗೂ ಅದು ಕಟ್ಟಕಡೆಗೇ ಸಿಗುವುದು. ತೆರೆದ ಕೂಡಲೇ ಕೀಬೋರ್ಡಿನ ಗಮನವನ್ನು ಮೆನುವಿಗೆ ಒಯ್ಯುವಂತೆ, ಮುಚ್ಚಿದಾಗ ಅದೇ ಗುಂಡಿಗೆ ಮರಳಿಸುವಂತೆ ಮಾಡಿದೆ. ಆಮೇಲೆ ಅವರು ಮೆನು ತೆರೆದಿಟ್ಟು ಕೋಷ್ಟಕ ಸ್ಕ್ರೋಲ್ ಮಾಡಿದರು. ಸಾಲು ಮೇಲೆ ಹೋಯಿತು, ಮೆನು ಮಾತ್ರ ಇದ್ದಲ್ಲೇ ತೇಲುತ್ತಾ ಇನ್ಯಾರದೋ ಸಾಲಿನ ಪಕ್ಕ ನಿಂತಿತು.

"ಇದು ಬಹಳ ಅಪಾಯ ಮೇಡಂ. ಒಬ್ಬರ ಮೆನು ಇನ್ನೊಬ್ಬರ ಹೆಸರಿನ ಪಕ್ಕ. ಮನೆ ಬಿಟ್ಟು ಬಂದಿದೆ, ಸರಿ. ಮನೆ ಯಾವುದು ಅಂತ ಅದಕ್ಕೆ ನೆನಪಿರಬೇಕು."

ನಾನು ನಕ್ಕೆ. ಅವರೂ ಒಂದು ಕ್ಷಣ ನಕ್ಕರು. ಆ ಕ್ಷಣ ಬಾಯಿ ಬಿಟ್ಟು ಹೇಳಿಬಿಡಬಹುದಿತ್ತು. 'ಸರ್, ನಡೀರಿ, ಮ್ಯಾನೇಜರ್ ಹತ್ರ ಹೋಗೋಣ' ಎಂದರೆ ಸಾಕಿತ್ತು. ಮೆನು ಗುಂಡಿಯ ಜೊತೆಜೊತೆಗೆ ಸರಿಯುವಂತೆ, ಗುಂಡಿ ಚೌಕದಾಚೆ ಮರೆಯಾದರೆ ತಾನೂ ಮುಚ್ಚುವಂತೆ ತಿದ್ದುವೆ ಎಂದಷ್ಟೇ ಹೇಳಿ ಕುರ್ಚಿ ತಿರುಗಿಸಿಕೊಂಡೆ. ಅವರ ಕೊನೆಯ ದಿನ ಬೀಳ್ಕೊಡುಗೆ ಎಂದು ಏನೂ ಇರಲಿಲ್ಲ. ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಒಬ್ಬೊಬ್ಬರಿಗೂ ಬರ್ತೀನಿ ಎಂದು ಹೇಳಿ ಹೋದರು. ನನಗೂ ಹೇಳಿದರು.

ಅವರು ಹೋದ ಮೇಲೆ ನನ್ನ ನಿದ್ದೆ, ಊಟ ಎರಡೂ ಕೆಟ್ಟವು. ಐದು ವಾರ ಕಳೆದ ಮೇಲೆ ಆ ಟಿಕೆಟನ್ನು ಅಚ್ಚು ಹಾಕಿಸಿ ಮ್ಯಾನೇಜರ್ ಮುಂದೆ ಇಟ್ಟೆ. ಮೂರು ಸಲ ಅವರು ತೆರೆದದ್ದು, ಮೂರು ಸಲ ನಾನು ಮುಚ್ಚಿದ್ದು, ನಗುವ ಮುಖದ ಸಮೇತ. ಮ್ಯಾನೇಜರ್ ಎರಡು ಸಲ ಓದಿದರು.

"ಇದನ್ನ ಅವತ್ತೇ ಯಾಕಮ್ಮಾ ಹೇಳಲಿಲ್ಲ?"

"ಹೆದರಿದೆ ಸರ್."

"ನಾನೇ ತೆಗೆದು ನೋಡಬೇಕಿತ್ತು" ಎಂದರು ಕೊನೆಗೆ. "ಅವರನ್ನ ವಾಪಸ್ ಕರೀರಿ. ಬರೋದಾದ್ರೆ ಕೆಲಸ ಇದೆ ಅಂತ ಹೇಳಿ."

ಕೇಂದ್ರಕ್ಕೂ ಪತ್ರ ಹೋಯಿತು, ತಪ್ಪು ಟೆಸ್ಟರ್‌ದಲ್ಲ, ಕೌಂಟರಿನಾಕೆಯದೂ ಅಲ್ಲ ಎಂದು. ನನಗೊಂದು ಎಚ್ಚರಿಕೆ ಪತ್ರ ಸಿಕ್ಕಿತು. ಅದನ್ನು ಓದಿದಾಗ ಒಂದು ರೀತಿಯ ಸಮಾಧಾನವೇ ಆಯಿತು, ಅದರ ಬಗ್ಗೆಯೂ ಆಮೇಲೆ ನಾಚಿಕೆಯಾಯಿತು.

ಭಾನುವಾರ ಅವರ ಮನೆ ಹುಡುಕಿಕೊಂಡು ಹೋದೆ. ಎರಡನೇ ಮಹಡಿ, ಮೆಟ್ಟಿಲ ಮೇಲೆ ಯಾರದೋ ಸೈಕಲ್. ಬಾಗಿಲು ತೆರೆದವರು ಅವರ ಹೆಂಡತಿ. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಸ್ವಲ್ಪ ಬಿಗಿಯಾಯಿತು. ಆದರೂ "ಒಳಗೆ ಬಾಮ್ಮಾ" ಎಂದರು. ಸರ್ ಕಿಟಕಿಯ ಹತ್ತಿರ ಕೂತು, ಹೊಸ ದೀಪವೊಂದರ ಕೆಳಗೆ ಉದ್ದನೆಯ ಚೀಟಿಯೊಂದನ್ನು ಓದುತ್ತಿದ್ದರು. ಔಷಧಿ ಡಬ್ಬಿಯೊಳಗೆ ಮಡಿಸಿ ಇಟ್ಟಿರುತ್ತಾರಲ್ಲ, ಇರುವೆಯಂಥ ಅಕ್ಷರದ ಚೀಟಿ, ಅದರ ಕರಡು ತಿದ್ದುವ ಕೆಲಸ ಹಿಡಿದಿದ್ದರು.

ಹೇಳಬೇಕಾದ್ದನ್ನೆಲ್ಲ ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಚೆಲ್ಲಾಪಿಲ್ಲಿಯಾದವು. ಅವರು ಕೇಳಿಸಿಕೊಂಡು, ಕೆಂಪು ಪೆನ್ನಿನ ಮುಚ್ಚಳ ಹಾಕಿದರು.

"ಆ ಅಮ್ಮ ಹೇಗಿದಾರೆ?" ಅವರು ಮೊದಲು ಕೇಳಿದ್ದು ಅದನ್ನೇ.

ತಂಗಿಯ ಊರಿನಲ್ಲಿದ್ದಾರೆ, ಅಲ್ಲೇ ಹತ್ತಿರದ ಆಸ್ಪತ್ರೆಗೆ ಹೋಗುತ್ತಾರಂತೆ ಎಂದೆ.

"ಸರ್, ಟಿಕೆಟ್ ನಿಮ್ಮ ಕೈಯಲ್ಲೇ ಇತ್ತಲ್ಲ. ಅವತ್ತು ಮೀಟಿಂಗ್‌ನಲ್ಲಿ ತೋರಿಸಿದ್ರೆ ಮುಗೀತಿತ್ತು. ಯಾಕೆ ತೋರಿಸಲಿಲ್ಲ?"

"ತೋರಿಸಬಹುದಿತ್ತು." ಅವರು ಚೀಟಿಯ ಸುಕ್ಕನ್ನು ಬೆರಳಿನಿಂದ ಸವರಿದರು. "ನೀವೇ ಹೇಳ್ತೀರಿ ಅಂತ ಕಾದೆ. ಅವತ್ತು ಹೇಳಲಿಲ್ಲ. ಸರಿ, ಗಾಬರಿ ಆಗಿದೆ, ನಾಳೆ ಹೇಳ್ತೀರಿ ಅಂದುಕೊಂಡೆ. ಹದಿನಾರು ದಿನ ದಿನಾ ನಿಮ್ಮ ಮೇಜಿನ ಹತ್ರ ಬಂದೆನಲ್ಲ ಮೇಡಂ."

ಒಳಗಿನಿಂದ ಅವರ ಹೆಂಡತಿ ಚಹಾದ ಲೋಟ ತಂದಿಟ್ಟು, ನಿಲ್ಲದೆ ಒಳಗೆ ಹೋದರು.

"ನಿಮ್ಮ ಮೇಲೆ ಕೋಪ ಇದೆಯಾ ಅಂದ್ರೆ," ಎಂದು ಅವರೇ ಮುಂದುವರಿಸಿದರು, "ಇತ್ತು. ಈಗ ಅಷ್ಟಿಲ್ಲ. ನನ್ನ ಮೇಲೇ ಇದೆ. ಮೂರನೇ ಸಲ ಮುಚ್ಚಿದಾಗ ನಾನು ನಾಲ್ಕನೇ ಸಲ ತೆರೀಬೇಕಿತ್ತು. ಹೆಸರು ಹಿಡಿದು ಆಡಿಕೊಂಡ್ರಲ್ಲ, ಮನಸ್ಸಿಗೆ ನೋವಾಯ್ತು. ಏನಾದ್ರೂ ಮಾಡಿಕೊಳ್ಳಲಿ ಅಂತ ಬಿಟ್ಟೆ. ಬಿಡಬಾರದಿತ್ತು. ಹನ್ನೊಂದು ಜನ ಅಂತ ಆ ಹುಡುಗ ಹೇಳಿದ್ದು ಕೇಳಿದ್ಮೇಲೂ ಬಿಟ್ಟೆನಲ್ಲ."

ಕೆಲಸಕ್ಕೆ ಮರಳಿ ಬನ್ನಿ ಎಂದು ಕೇಳಿದೆ. ಬೇಡ ಎಂದರು. ಇಲ್ಲಿ ಯಾರ ಜೊತೆಗೂ ವಾದ ಮಾಡಬೇಕಿಲ್ಲ, ತಪ್ಪು ಕಂಡರೆ ಅಲ್ಲೇ ಗುರುತು ಹಾಕಿದರೆ ಆಯಿತು, ಮುದ್ರಣದವರು ಮಾತಾಡದೆ ತಿದ್ದುತ್ತಾರೆ ಎಂದರು. ಹೊರಡುವಾಗ ಬಾಗಿಲ ತನಕ ಬಂದು, "ಚೌಕದೊಳಗೆ ಚೌಕ ಇರೋ ಪುಟ ಇನ್ನೂ ಒಂದಿದೆ, ಔಷಧಿ ಪಟ್ಟಿ. ಅಲ್ಲೂ ಅದೇ ಹಳೇ ಮೆನು ಇದೆ. ಅದನ್ನೂ ನೋಡಿ" ಎಂದರು.

ನೋಡಿದೆ. ಇತ್ತು. ಮರುದಿನವೇ ಸರಿಮಾಡಿದೆ.

ಆಮೇಲೆ ಎರಡು ವರ್ಷವಾಯಿತು. ಹೊಸದಾಗಿ ಬಂದ ಟೆಸ್ಟರ್ ಏನು ಬರೆದರೂ ಪೂರ್ತಿ ಓದುತ್ತೇನೆ. ಅದರಿಂದ ಅಲ್ಪವಿರಾಮ ಸರ್‌ಗೇನೂ ಸಿಗುವುದಿಲ್ಲ. ಅವರ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ, ಕರಡು ತಿದ್ದುವುದನ್ನು ಬಿಟ್ಟಿದ್ದಾರೆ ಎಂದು ಹೋದ ತಿಂಗಳು ಯಾರೋ ಹೇಳಿದರು. ಹೋಗಿ ನೋಡಬೇಕು ಎಂದುಕೊಂಡೆ. ಒಂದು ಭಾನುವಾರ ಅವರ ಬೀದಿಯ ತಿರುವಿನ ತನಕ ಹೋಗಿ ನಿಂತೆ ಕೂಡ. ಏನೆಂದು ಮಾತು ಶುರುಮಾಡಲಿ ಎಂದು ತೋಚದೆ ಬಸ್ಸು ಹತ್ತಿ ವಾಪಸ್ ಬಂದೆ.